ಇಂಟರ್‌ವ್ಯೂಗೆ ಹೂಂ ಅನ್ನುವ ಮೊದಲು: ಜಾಗ, ಶಿಫ್ಟ್, ಸಂಬಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಿಕ್ರೂಟರ್ ಮೆಸೇಜ್ ಬಂದಿದೆ. "ನಿಮ್ಮ ಪ್ರೊಫೈಲ್ ಶಾರ್ಟ್‌ಲಿಸ್ಟ್ ಆಗಿದೆ, ನಾಳೆ 11 ಗಂಟೆಗೆ ಇಂಟರ್‌ವ್ಯೂ, ಕನ್ಫರ್ಮ್ ಮಾಡಿ." ಕೆಲಸ ಎಲ್ಲಿ, ಎಷ್ಟು ಹೊತ್ತಿಗೆ, ಕೈಗೆ ಎಷ್ಟು ಬರುತ್ತೆ, ಒಂದೂ ಇಲ್ಲ. ಇದ್ದರೂ "ಲೊಕೇಶನ್ ಫ್ಲೆಕ್ಸಿಬಲ್, ಶಿಫ್ಟ್ ರೊಟೇಷನಲ್, ಸಂಬಳ ಇಂಡಸ್ಟ್ರಿಯಲ್ಲೇ ಬೆಸ್ಟ್" ಅಂತ ಇರುತ್ತೆ, ಅದೂ ಒಂದೇ, ಇಲ್ಲದಿರುವುದೂ ಒಂದೇ. ಆ ಮೆಸೇಜ್ ಬಂದಾಗಿನಿಂದ ನೀವು ಒಪ್ಪುವ ತನಕ ಏನು ಮಾಡಬೇಕು ಅನ್ನುವುದಷ್ಟೇ ಇಲ್ಲಿದೆ. ಆಫರ್ ಬಂದ ಮೇಲೆ ಚೌಕಾಸಿ ಮಾಡುವುದು ಬೇರೆಯೇ ಕಥೆ, ಅದಕ್ಕೆ ಕೈ ಹಾಕಿಲ್ಲ.

## ಇಂಟರ್‌ವ್ಯೂ ಆಗುವ ಮೊದಲೇ ಸಂಬಳ ಕೇಳಿದರೆ ದುರಾಸೆಯವರು ಅಂದುಕೊಳ್ಳಲ್ವಾ?

ಮೊದಲ ಕಾಲ್‌ನಲ್ಲಿ ಅವರು ನಿಮ್ಮನ್ನು ಏನು ಕೇಳುತ್ತಾರೆ ನೆನಪಿಸಿಕೊಳ್ಳಿ. ಈಗಿನ ಸಂಬಳ ಎಷ್ಟು, ಎಷ್ಟು ನಿರೀಕ್ಷೆ ಇದೆ, ನೋಟಿಸ್ ಪೀರಿಯಡ್ ಎಷ್ಟು, ಊರು ಬಿಟ್ಟು ಬರುತ್ತೀರಾ, ನೈಟ್ ಶಿಫ್ಟ್ ಆಗುತ್ತಾ. ಅವರ ಹತ್ತಿರ ಒಂದು ಶೀಟ್ ಇರುತ್ತೆ, ಅದರ ಕಾಲಂಗಳೇ ಇವು. ಇದನ್ನು ತುಂಬದೆ ನಿಮ್ಮ ರೆಸ್ಯೂಮೆ ಮುಂದಕ್ಕೆ ಹೋಗುವುದೇ ಕಷ್ಟ. ಅಂದರೆ ಜಾಗ, ಶಿಫ್ಟ್, ಸಂಬಳದ ಮಾತು ಇಂಟರ್‌ವ್ಯೂಗೆ ಮೊದಲೇ ಶುರುವಾಗಿದೆ, ಶುರು ಮಾಡಿದ್ದು ಅವರು. ನೀವು ಅದೇ ಕಾಲಂಗಳನ್ನು ವಾಪಸ್ ಕೇಳುತ್ತಿದ್ದೀರಿ, ಅಷ್ಟೇ.

ಇನ್ನೊಂದು ವಿಷಯ. ಸಾಧಾರಣವಾಗಿ ಒಂದು ಹುದ್ದೆಗೆ ಜನ ಹುಡುಕಲು ಶುರು ಮಾಡುವ ಮೊದಲು ಕಂಪನಿಯೊಳಗೆ ಯಾರೋ ಒಬ್ಬರು ಅದರ ಬಜೆಟ್‌ಗೆ ಒಪ್ಪಿಗೆ ಕೊಟ್ಟಿರುತ್ತಾರೆ. ಇಷ್ಟರಿಂದ ಇಷ್ಟರೊಳಗೆ ಅನ್ನುವ ಒಂದು ರೇಂಜ್ ಇರುತ್ತೆ. "ಸಂಬಳ ಇನ್ನೂ ತೀರ್ಮಾನ ಆಗಿಲ್ಲ" ಅಂದರೆ ನಿಮಗೆ ಎಷ್ಟು ಕೊಡಬೇಕು ಅನ್ನುವುದು ತೀರ್ಮಾನ ಆಗಿಲ್ಲ ಅಂತ ಅರ್ಥ, ರೇಂಜ್ ಇಲ್ಲ ಅಂತ ಅಲ್ಲ. ಹಾಗಾಗಿ ನೀವು ಕೇಳಬೇಕಾದದ್ದು "ನನಗೆ ಎಷ್ಟು ಕೊಡುತ್ತೀರಾ" ಅಂತ ಅಲ್ಲ, "ಈ ಹುದ್ದೆಯ ರೇಂಜ್ ಎಷ್ಟು" ಅಂತ. ಮೊದಲನೆಯದು ಚೌಕಾಸಿ ಥರ ಕೇಳಿಸುತ್ತೆ, ಎರಡನೆಯದು ಸುಮ್ನೆ ವಿಚಾರಿಸಿದ ಹಾಗೆ.

## ಸರಿ, ಯಾವಾಗ ಕೇಳಬೇಕು?

ಅವರು ಟೈಮ್ ಕೇಳಿದಾಗ. ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿಲ್ಲ, ಯಾಕೆಂದರೆ ಅವರಿಗೆ ನಿಮ್ಮಿಂದ ಒಂದು ಉತ್ತರ ಬೇಕಾಗಿರುತ್ತೆ. ಟೈಮ್ ಕೊಟ್ಟುಬಿಟ್ಟ ಮೇಲೆ ಅವರ ಕೆಲಸ ಮುಗಿಯಿತು, ಆಮೇಲೆ ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಿ ತರುವ ಅವಸರ ಅವರಿಗಿಲ್ಲ.

ಹಾಗಂತ ಉತ್ತರ ಬರುವ ತನಕ ಟೈಮ್ ಕೊಡುವುದೇ ಇಲ್ಲ ಅಂತ ಹಟ ಹಿಡಿಯಬೇಡಿ. ಎರಡನ್ನೂ ಒಂದೇ ಮೆಸೇಜ್‌ನಲ್ಲಿ ಕಟ್ಟಿಬಿಡಿ: ಗುರುವಾರ ಅಥವಾ ಶುಕ್ರವಾರ ಮಧ್ಯಾಹ್ನ ನನಗೆ ಆಗುತ್ತೆ, ಈ ಮೂರು ವಿಷಯ ತಿಳಿದ ಕೂಡಲೇ ಕನ್ಫರ್ಮ್ ಮಾಡುತ್ತೇನೆ. ಇದರಲ್ಲಿ ಆಸಕ್ತಿಯೂ ಕಾಣುತ್ತೆ, ಷರತ್ತೂ ಇರುತ್ತೆ.

## ಏನಂತ ಬರೀಬೇಕು? ಒಂದು ಮಾದರಿ ಕೊಡಿ.

ಕೊಡುತ್ತೇನೆ, ಆದರೆ ಮೊದಲು ಒಂದು ಮಾತು. ಹೂಂ ಅಥವಾ ಉಹೂಂ ಅಂತ ಉತ್ತರ ಬರುವ ಪ್ರಶ್ನೆ ಕೇಳಬೇಡಿ. "ವರ್ಕ್ ಫ್ರಂ ಹೋಮ್ ಇದೆಯಾ?" ಅಂದರೆ "ಇದೆ" ಅನ್ನುತ್ತಾರೆ, ತಿಂಗಳಿಗೆ ಎರಡೇ ದಿನ ಇದ್ದರೂ ಅದು ಸುಳ್ಳಲ್ಲ. "ಶಿಫ್ಟ್ ಫ್ಲೆಕ್ಸಿಬಲ್ಲಾ?" ಅಂದರೆ "ಹೌದು" ಅನ್ನುತ್ತಾರೆ, ಫ್ಲೆಕ್ಸಿಬಲ್ ಆಗಬೇಕಾದವರು ನೀವು ಅನ್ನುವುದು ಸೇರಿದ ಮೇಲೆ ಗೊತ್ತಾಗುತ್ತೆ. ಉತ್ತರವಾಗಿ ಒಂದು ಅಂಕಿಯೋ, ಒಂದು ವಿಳಾಸವೋ, ಒಂದು ಸಮಯವೋ ಬರಲೇಬೇಕು, ಪ್ರಶ್ನೆ ಹಾಗಿರಲಿ.

> ನಮಸ್ಕಾರ, ಮೆಸೇಜ್ ಮಾಡಿದ್ದಕ್ಕೆ ಥ್ಯಾಂಕ್ಸ್. ಹುದ್ದೆಯ ವಿವರ ಓದಿದೆ, ಆಸಕ್ತಿ ಇದೆ. ಗುರುವಾರ ಅಥವಾ ಶುಕ್ರವಾರ ಮಧ್ಯಾಹ್ನ 2ರ ಮೇಲೆ ಇಂಟರ್‌ವ್ಯೂಗೆ ಸಿಗುತ್ತೇನೆ. ಕನ್ಫರ್ಮ್ ಮಾಡುವ ಮೊದಲು ಮೂರು ವಿಷಯ ತಿಳಿಸುತ್ತೀರಾ?
> 1. ಯಾವ ಆಫೀಸ್‌ನಿಂದ ಕೆಲಸ, ಏರಿಯಾ ಯಾವುದು, ವಾರಕ್ಕೆ ಎಷ್ಟು ದಿನ ಅಲ್ಲಿಗೆ ಬರಬೇಕು?
> 2. ಶಿಫ್ಟ್ ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯುತ್ತೆ, ಎಷ್ಟು ವಾರಕ್ಕೊಮ್ಮೆ ಬದಲಾಗುತ್ತೆ, ವಾರದ ರಜೆ ಯಾವ ದಿನ?
> 3. ಈ ಹುದ್ದೆಯ ಸಂಬಳದ ರೇಂಜ್ ಎಷ್ಟು, ಅದರಲ್ಲಿ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು?
> ಇವು ಹೊಂದಿದರೆ ಇಂದೇ ಟೈಮ್ ಕನ್ಫರ್ಮ್ ಮಾಡುತ್ತೇನೆ.

ಇಷ್ಟು ಸಾಕು. ಇದಕ್ಕಿಂತ ಉದ್ದ ಬರೆದರೆ ಓದುವುದಿಲ್ಲ. ರಜೆ ನೀತಿ, ಇನ್ಶೂರೆನ್ಸ್, ಪ್ರಮೋಷನ್, ಲ್ಯಾಪ್‌ಟಾಪ್, ಇವೆಲ್ಲ ಇಂಟರ್‌ವ್ಯೂ ಆದ ಮೇಲೂ ಕೇಳಬಹುದು. ಈ ಮೂರು ಮಾತ್ರ ಮೊದಲೇ ಬೇಕು, ಯಾಕೆಂದರೆ ಇವುಗಳಲ್ಲಿ ಒಂದು ಹೊಂದದಿದ್ದರೂ ಮೂರು ರೌಂಡ್ ಇಂಟರ್‌ವ್ಯೂ ಕೊಟ್ಟಿದ್ದು ನೀರಿನಲ್ಲಿ ಹೋಮ. "ಕ್ಷಮಿಸಿ, ಕೇಳಬಾರದೇನೋ, ಆದರೂ…" ಅಂತ ಶುರು ಮಾಡುವುದನ್ನು ಬಿಡಿ. ಹಾಗೆ ಶುರು ಮಾಡಿದರೆ ಉತ್ತರವನ್ನು ಮುಂದೂಡಲು ನೀವೇ ದಾರಿ ಮಾಡಿಕೊಟ್ಟ ಹಾಗೆ.

## ಲೊಕೇಶನ್ ಜಾಹೀರಾತಿನಲ್ಲೇ ಇದೆಯಲ್ಲ, ಮತ್ತೆ ಕೇಳಬೇಕಾ?

ಬೇಕು. ಜಾಹೀರಾತಿನಲ್ಲಿ ಇರುವುದು ಬರೀ ಊರಿನ ಹೆಸರು. ಅದು ಮೂರರಲ್ಲಿ ಯಾವುದೂ ಆಗಿರಬಹುದು. ಒಂದು, ನೀವು ದಿನಾ ಹೋಗುವ ಆಫೀಸ್. ಎರಡು, ಬೇಸ್ ಲೊಕೇಶನ್, ಅಂದರೆ ಕಾಗದದ ಮೇಲೆ ನಿಮ್ಮ ಹೆಸರು ಇರುವ ಜಾಗ, ನೀವು ಕೂರುವುದು ಕ್ಲೈಂಟ್ ಆಫೀಸ್‌ನಲ್ಲಿ, ಅದು ಊರಿನ ಇನ್ನೊಂದು ತುದಿಯಲ್ಲೋ ಬೇರೆ ಊರಿನಲ್ಲೋ ಇರುತ್ತೆ. ಮೂರು, ರಿಕ್ರೂಟರ್ ಕೂತಿರುವ ಊರು, ಅಷ್ಟೇ. ಮೂರನೆಯದು ತಮಾಷೆ ಅನಿಸಬಹುದು, ಆದರೆ ಜಾಹೀರಾತು ಹಾಕುವಾಗ ಲೊಕೇಶನ್ ಕಾಲಂ ತಾನಾಗೇ ತುಂಬಿಕೊಂಡು ಹಾಗೇ ಉಳಿದುಬಿಡುವುದು ಉಂಟು.

ಹಾಗಾಗಿ "ಊರು ಯಾವುದು" ಅಂತ ಕೇಳುವ ಬದಲು "ಸೇರಿದ ಮೊದಲ ದಿನ ನಾನು ಯಾವ ಕಟ್ಟಡಕ್ಕೆ ಬರಬೇಕು, ಆರು ತಿಂಗಳ ನಂತರವೂ ಅದೇ ಇರುತ್ತಾ" ಅಂತ ಕೇಳಿ. ಟ್ರೈನಿಂಗ್ ಒಂದು ಕಡೆ, ಕೆಲಸ ಇನ್ನೊಂದು ಕಡೆ ಅನ್ನುವುದು ಈ ಒಂದು ಪ್ರಶ್ನೆಗೆ ಹೊರಬರುತ್ತೆ.

ಹೈಬ್ರಿಡ್ ಅಂದಾಗ ಒಂದು ಸೂಕ್ಷ್ಮ ಇದೆ. "ವಾರಕ್ಕೆ ಮೂರು ದಿನ" ಮತ್ತು "ತಿಂಗಳಿಗೆ ಹನ್ನೆರಡು ದಿನ" ಲೆಕ್ಕಕ್ಕೆ ಹೆಚ್ಚು ಕಡಿಮೆ ಒಂದೇ, ಬದುಕಿಗೆ ಒಂದೇ ಅಲ್ಲ. ಎರಡನೆಯದಾದರೆ ನೀವು ಎರಡೂವರೆ ವಾರ ಸತತ ಹೋಗಿ ಮಿಕ್ಕ ದಿನ ಊರಿನಲ್ಲಿರಬಹುದು. ಮೊದಲನೆಯದಾದರೆ ಆಫೀಸ್ ಹತ್ತಿರವೇ ಮನೆ ಮಾಡಬೇಕು. ಯಾವ ದಿನಗಳು ಅನ್ನುವುದನ್ನು ಯಾರು ತೀರ್ಮಾನ ಮಾಡುತ್ತಾರೆ, ನೀವೋ ಮ್ಯಾನೇಜರೋ, ಅದನ್ನೂ ಕೇಳಿ.

ಪೂರ್ತಿ ರಿಮೋಟ್ ಅಂದರೆ "ಸದ್ಯಕ್ಕೆ" ಅನ್ನುವ ಪದ ಪಕ್ಕದಲ್ಲಿ ಇದೆಯಾ ನೋಡಿ. ಇದ್ದರೆ ಅದು ರಿಮೋಟ್ ಅಲ್ಲ, ತಡವಾಗಿ ಬರಲಿರುವ ಆಫೀಸ್ ಕೆಲಸ. ಆಗ ಕೇಳಬೇಕಾದ್ದು, ಕರೆದಾಗ ಯಾವ ಆಫೀಸ್‌ಗೆ, ಎಷ್ಟು ದಿನ ಮುಂಚೆ ಹೇಳುತ್ತೀರಾ, ಆಫರ್ ಲೆಟರ್‌ನಲ್ಲಿ ರಿಮೋಟ್ ಅಂತ ಬರೆದು ಕೊಡುತ್ತೀರಾ.

## "ರೊಟೇಷನಲ್ ಶಿಫ್ಟ್" ಅಂದರು. ಅದರಲ್ಲಿ ಇನ್ನೇನು ಕೇಳುವುದಿದೆ?

ಅದರಲ್ಲೇ ಜಾಸ್ತಿ ಇರುವುದು. ಮೂರರಲ್ಲಿ ಜನ ಕಡಿಮೆ ಕೇಳುವುದು ಇದನ್ನೇ, ಸೇರಿದ ಮೇಲೆ ಒದ್ದಾಡುವುದೂ ಇದರಿಂದಲೇ. ರೊಟೇಷನಲ್ ಅಂದರೆ ಶಿಫ್ಟ್ ಬದಲಾಗುತ್ತೆ ಅಂತ ಮಾತ್ರ ಗೊತ್ತಾಗುತ್ತೆ. ಎಷ್ಟು ದಿನಕ್ಕೊಮ್ಮೆ ಅನ್ನುವುದು ಮುಖ್ಯ. ತಿಂಗಳಿಗೊಮ್ಮೆ ಬದಲಾದರೆ ನಿದ್ದೆ ಹೇಗೋ ಹೊಂದಿಕೊಳ್ಳುತ್ತೆ, ವಾರಕ್ಕೊಮ್ಮೆ ಆದರೆ ದೇಹ ಒಂದಕ್ಕೆ ಒಗ್ಗುವಷ್ಟರಲ್ಲಿ ಇನ್ನೊಂದು ಬಂದಿರುತ್ತೆ. ಯಾವ ಕ್ರಮದಲ್ಲಿ ಬದಲಾಗುತ್ತೆ ಅನ್ನುವುದೂ ಬೇಕು. ಬೆಳಿಗ್ಗೆ, ಆಮೇಲೆ ಮಧ್ಯಾಹ್ನ, ಆಮೇಲೆ ರಾತ್ರಿ, ಹೀಗೆ ಮುಂದಕ್ಕೆ ಹೋಗುವ ಸರದಿ ಹಿಂದಕ್ಕೆ ಬರುವುದಕ್ಕಿಂತ ಸಾಮಾನ್ಯವಾಗಿ ಸಲೀಸು, ಯಾಕೆಂದರೆ ತಡವಾಗಿ ಮಲಗುವುದು ಬೇಗ ಮಲಗುವುದಕ್ಕಿಂತ ಸುಲಭ.

ರೋಸ್ಟರ್ ಎಷ್ಟು ದಿನ ಮುಂಚೆ ಕೈಗೆ ಬರುತ್ತೆ? ಎರಡು ವಾರ ಮುಂಚೆ ಬಂದರೆ ಮದುವೆಗೂ ಆಸ್ಪತ್ರೆಗೂ ಪ್ಲಾನ್ ಮಾಡಬಹುದು. ಭಾನುವಾರ ರಾತ್ರಿ ಬಂದು ಸೋಮವಾರ ಜಾರಿಯಾದರೆ ನಿಮ್ಮ ದಿನ ನಿಮ್ಮದಲ್ಲ. ವಾರಕ್ಕೆ ಎರಡು ರಜೆ ಅಂದರೆ ಎರಡೂ ಜೊತೆಗೇ ಬರುತ್ತಾ, ಇಲ್ಲ ಮಂಗಳವಾರ ಒಂದು ಶುಕ್ರವಾರ ಒಂದಾ? ಇದನ್ನು ಜನ ಕೇಳುವುದೇ ಇಲ್ಲ.

ಗಂಟೆಗಳ ಲೆಕ್ಕ ಇನ್ನೊಂದು. "ಎಂಟು ಗಂಟೆ ಶಿಫ್ಟ್" ಅಂದಾಗ ಊಟದ ಬ್ರೇಕ್ ಅದರ ಒಳಗಾ ಹೊರಗಾ? ಹೊರಗಾದರೆ ಆಫೀಸ್‌ನಲ್ಲಿ ಒಂಬತ್ತು ಗಂಟೆ. ಮುಂದಿನ ಶಿಫ್ಟ್‌ನವರಿಗೆ ಕೆಲಸ ಒಪ್ಪಿಸುವ ಹ್ಯಾಂಡೋವರ್‌ಗೆ ಅರ್ಧ ಗಂಟೆ ಇದ್ದರೆ ಅದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಇದರ ಮೇಲೆ ಆನ್-ಕಾಲ್ ಇದೆಯಾ, ಅಂದರೆ ರಜೆಯ ದಿನವೂ ಫೋನ್ ಎತ್ತಲೇಬೇಕಾದ ಸರದಿ? ಇದ್ದರೆ ತಿಂಗಳಿಗೆ ಎಷ್ಟು ದಿನ, ಅದಕ್ಕೆ ದುಡ್ಡು ಬೇರೆ ಇದೆಯಾ?

## ಶಿಫ್ಟ್ "ಯುಎಸ್ ಟೈಮಿಂಗ್" ಅಂತ ಹೇಳಿದ್ದಾರೆ. ಅದಕ್ಕೆ ಬೇರೆ ಏನಾದರೂ ಕೇಳಬೇಕಾ?

ಎರಡು ವಿಷಯ. ಅಮೆರಿಕದ ಮುಖ್ಯ ಭಾಗದಲ್ಲೇ ನಾಲ್ಕು ಟೈಮ್ ಝೋನ್ ಇವೆ, ಪೂರ್ವ ಕರಾವಳಿಗೂ ಪಶ್ಚಿಮ ಕರಾವಳಿಗೂ ಮೂರು ಗಂಟೆ ವ್ಯತ್ಯಾಸ. ಪೂರ್ವದ ಬೆಳಿಗ್ಗೆ 9 ನಿಮಗೆ ಸಂಜೆ ಆಗಿದ್ದರೆ ಪಶ್ಚಿಮದ ಬೆಳಿಗ್ಗೆ 9 ನಿಮಗೆ ರಾತ್ರಿ ಆಗಬಹುದು. ಮನೆಗೆ ಬರುವುದು ನಡುರಾತ್ರಿಯೋ ಬೆಳಗಿನ ಜಾವವೋ ಅನ್ನುವುದು ಇದರ ಮೇಲೆ ನಿಂತಿದೆ.

ಎರಡನೆಯದು, ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ವರ್ಷಕ್ಕೆರಡು ಸಲ ಗಡಿಯಾರ ಬದಲಾಗುತ್ತೆ. ಮಾರ್ಚ್ ಎರಡನೇ ಭಾನುವಾರ ಒಂದು ಗಂಟೆ ಮುಂದೆ, ನವೆಂಬರ್ ಮೊದಲ ಭಾನುವಾರ ಒಂದು ಗಂಟೆ ಹಿಂದೆ. ನೀವಿರುವ ಕಡೆ ಗಡಿಯಾರ ಬದಲಾಗದಿದ್ದರೆ, ಬೇಸಿಗೆಯಲ್ಲಿ ಸಂಜೆ 6:30ಕ್ಕೆ ಶುರುವಾಗುತ್ತಿದ್ದ ಶಿಫ್ಟ್ ನವೆಂಬರ್‌ನಲ್ಲಿ 7:30ಕ್ಕೆ ಹೋಗುತ್ತೆ. ಯುರೋಪಿಯನ್ ಒಕ್ಕೂಟದ ದೇಶಗಳೂ ಬದಲಾಯಿಸುತ್ತವೆ, ಆದರೆ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಎರಡೂ ಕಡೆಯ ಕ್ಲೈಂಟ್ ಇದ್ದರೆ ನಡುವಿನ ವಾರಗಳಲ್ಲಿ ಮೀಟಿಂಗ್‌ಗಳು ಕಲಸುಮೇಲೋಗರ.

ಹಾಗಾಗಿ ಒಂದೇ ಸಾಲು ಕೇಳಿ: "ಶಿಫ್ಟ್ ಟೈಮ್ ನಮ್ಮ ಗಡಿಯಾರಕ್ಕೆ ಕಟ್ಟಿದ್ದಾ, ಕ್ಲೈಂಟ್ ಗಡಿಯಾರಕ್ಕಾ? ನಮ್ಮ ಗಡಿಯಾರದ ಪ್ರಕಾರ ಜೂನ್‌ನಲ್ಲಿ ಎಷ್ಟು, ಡಿಸೆಂಬರ್‌ನಲ್ಲಿ ಎಷ್ಟು?" ಜೊತೆಗೆ ಅವರ ರಜೆಗಳು ನಿಮ್ಮ ರಜೆಗಳಾ ಅನ್ನುವುದನ್ನೂ. ರಾತ್ರಿ ಓಡಾಟಕ್ಕೆ ಗಾಡಿ ಕೊಡುತ್ತಾರಾ, ಕೊಟ್ಟರೆ ಎರಡೂ ಕಡೆಗಾ, ಇಲ್ಲ ವಾಪಸ್ ಬರುವಾಗ ಮಾತ್ರವಾ ಅಂತ ಕೇಳುವುದನ್ನು ಮರೆಯಬೇಡಿ.

## ಪ್ಯಾಕೇಜ್ ಒಂದು ಅಂಕಿಯಲ್ಲಿ ಹೇಳಿದ್ದಾರೆ. ಅದು ಸಾಲದಾ?

ಸಾಲದು. ಒಂದು ಲೆಕ್ಕ ಮಾಡಿ ನೋಡೋಣ. ವರ್ಷಕ್ಕೆ 12,00,000 ಅಂದರು ಅಂತಿಟ್ಟುಕೊಳ್ಳಿ. ನಮ್ಮ ತಲೆ ತಕ್ಷಣ 12ರಿಂದ ಭಾಗಿಸಿ ತಿಂಗಳಿಗೆ 1,00,000 ಅನ್ನುತ್ತೆ. ಈಗ ಒಳಗೆ ಏನಿದೆ ಅಂತ ಕೇಳಿದಾಗ ಹೀಗೆ ಬಂತು ಅನ್ನೋಣ: ಫಿಕ್ಸೆಡ್ 9,00,000, ವೇರಿಯಬಲ್ 1,80,000, ಕಂಪನಿ ಕಟ್ಟುವ ನಿವೃತ್ತಿ ನಿಧಿಯ ಪಾಲು ಮತ್ತು ಇನ್ಶೂರೆನ್ಸ್ ಸೇರಿ 70,000, ಜಾಯ್ನಿಂಗ್ ಬೋನಸ್ 50,000. ಕೂಡಿಸಿದರೆ ಸರಿಯಾಗಿ 12,00,000, ಯಾರೂ ಸುಳ್ಳು ಹೇಳಿಲ್ಲ.

ಆದರೆ ತಿಂಗಳು ತಿಂಗಳು ನಿಮ್ಮ ಪೇಸ್ಲಿಪ್‌ನಲ್ಲಿ ಕಾಣುವುದು 9,00,000ವನ್ನು 12ರಿಂದ ಭಾಗಿಸಿದ್ದು, ಅಂದರೆ 75,000. ಅದರಲ್ಲಿ ತೆರಿಗೆ ಮತ್ತು ನಿಮ್ಮ ಪಾಲಿನ ನಿಧಿ ಕಳೆದು ಉಳಿದದ್ದು ಟೇಕ್-ಹೋಮ್. ಒಂದು ಲಕ್ಷಕ್ಕೆ ಬಾಡಿಗೆ, ಸಾಲದ ಕಂತು ಎಲ್ಲ ಲೆಕ್ಕ ಹಾಕಿ ಕೂತಿದ್ದರೆ ಮೊದಲ ತಿಂಗಳೇ 25,000ಕ್ಕೂ ಜಾಸ್ತಿ ಕೊರತೆ.

ಇಲ್ಲಿಗೆ ಮುಗಿಯಲಿಲ್ಲ. ಆ 75,000ದಲ್ಲಿ 8,000 ನೈಟ್ ಶಿಫ್ಟ್ ಭತ್ಯೆ ಇದ್ದರೆ? ಆರು ತಿಂಗಳಾದ ಮೇಲೆ ಡೇ ಶಿಫ್ಟ್‌ಗೆ ಹಾಕಿದರು, ಭತ್ಯೆ ನಿಂತಿತು, ಈಗ 67,000. ಶಿಫ್ಟ್‌ನ ಪ್ರಶ್ನೆಯೂ ಸಂಬಳದ ಪ್ರಶ್ನೆಯೂ ಇಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ, ಆದ್ದರಿಂದಲೇ ಒಟ್ಟಿಗೆ ಕೇಳಬೇಕು. ಲೊಕೇಶನ್‌ಗೂ ಇದೇ ಕಥೆ, ಕ್ಲೈಂಟ್ ಆಫೀಸ್‌ನಲ್ಲಿ ಇರುವ ತನಕ ಮಾತ್ರ ಸಿಗುವ ಭತ್ಯೆಗಳಿರುತ್ತವೆ.

ವೇರಿಯಬಲ್ ಬಗ್ಗೆ ರಿಕ್ರೂಟರ್ "ಸಾಮಾನ್ಯವಾಗಿ ಪೂರ್ತಿ ಸಿಗುತ್ತೆ" ಅನ್ನುತ್ತಾರೆ. ಆಗ ಕೇಳಿ, ಕಳೆದ ವರ್ಷ ಈ ಟೀಮ್‌ಗೆ ಶೇಕಡಾ ಎಷ್ಟು ಬಂತು, ಮೂರು ತಿಂಗಳಿಗೊಮ್ಮೆಯಾ ವರ್ಷಕ್ಕೊಮ್ಮೆಯಾ, ನಡುವೆ ಬಿಟ್ಟರೆ ಅಲ್ಲಿಯವರೆಗಿನ ಪಾಲು ಸಿಗುತ್ತಾ. ಜಾಯ್ನಿಂಗ್ ಬೋನಸ್‌ಗೆ ಒಂದೇ ಪ್ರಶ್ನೆ: ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು? ಇನ್ನೊಂದು, ಎರಡನೇ ವರ್ಷಕ್ಕೆ ಈ 50,000 ಇರುವುದಿಲ್ಲ. ಅಂದರೆ ಇಂಕ್ರಿಮೆಂಟ್ ಸಿಗದಿದ್ದರೆ ಪ್ಯಾಕೇಜ್ ತಾನಾಗೇ 11,50,000ಕ್ಕೆ ಇಳಿದಿರುತ್ತೆ.

ಇಷ್ಟನ್ನೂ ಇಂಟರ್‌ವ್ಯೂಗೆ ಮೊದಲೇ ಕೇಳಬೇಕಾ? ಬೇಡ. ಮೊದಲೇ ಬೇಕಾದ್ದು ಫಿಕ್ಸೆಡ್‌ನ ರೇಂಜ್ ಮತ್ತು ಅದರೊಳಗೆ ಶಿಫ್ಟ್ ಭತ್ಯೆ ಸೇರಿದೆಯಾ ಅನ್ನುವುದು. ಮಿಕ್ಕದ್ದು ಆಫರ್ ಹಂತಕ್ಕೆ ಇಟ್ಟುಕೊಳ್ಳಿ.

## "ಮೊದಲು ನಿಮ್ಮ ಈಗಿನ ಸಂಬಳ ಹೇಳಿ, ಆಮೇಲೆ ನೋಡೋಣ" ಅಂತಾರೆ. ಹೇಳಬೇಕಾ?

ಎಲ್ಲಿದ್ದೀರಿ ಅನ್ನುವುದರ ಮೇಲೆ ಹೋಗುತ್ತೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಹಳೆಯ ಸಂಬಳ ಕೇಳುವುದಕ್ಕೇ ಕಾನೂನಿನ ಅಡ್ಡಿ ಇದೆ, ಮ್ಯಾಸಚೂಸೆಟ್ಸ್‌ನಲ್ಲಿ ಇದು 2018ರಿಂದ ಜಾರಿಯಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ 15 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು 2023ರಿಂದ ಜಾಹೀರಾತಿನಲ್ಲೇ ಸಂಬಳದ ರೇಂಜ್ ಹಾಕಬೇಕು. ಯುರೋಪಿಯನ್ ಒಕ್ಕೂಟ 2023ರಲ್ಲಿ ವೇತನ ಪಾರದರ್ಶಕತೆಯ ನಿರ್ದೇಶನ ತಂದಿತು. ಆರಂಭಿಕ ಸಂಬಳ ಅಥವಾ ಅದರ ರೇಂಜ್ ಅನ್ನು ಅರ್ಜಿದಾರರಿಗೆ ಮೊದಲೇ, ಉದಾಹರಣೆಗೆ ಜಾಹೀರಾತಿನಲ್ಲೋ ಇಂಟರ್‌ವ್ಯೂಗೆ ಮುಂಚೆಯೋ ತಿಳಿಸಬೇಕು, ಹಳೆಯ ಸಂಬಳ ಕೇಳಬಾರದು ಅಂತ ಅದು ಹೇಳುತ್ತೆ. ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ತರಲು ಕೊಟ್ಟ ಗಡುವು 2026ರ ಜೂನ್ 7.

ಇಂಥ ಕಾನೂನು ಇಲ್ಲದ ಕಡೆ ಕೇಳುತ್ತಾರೆ, ತಡೆಯಲಾಗದು. ಸುಳ್ಳು ಅಂಕಿ ಹೇಳಬೇಡಿ, ಪೇಸ್ಲಿಪ್ ಕೇಳಿದಾಗ ಸಿಕ್ಕಿಬೀಳುತ್ತೀರಿ, ಬಂದ ಆಫರ್ ಕೂಡ ಹೋಗುತ್ತೆ. ಅದರ ಬದಲು ನಿರೀಕ್ಷೆ ಹೇಳಿ: "ನನ್ನ ನಿರೀಕ್ಷೆ ಫಿಕ್ಸೆಡ್ ಇಷ್ಟರಿಂದ ಇಷ್ಟು. ನಿಮ್ಮ ರೇಂಜ್ ಇದಕ್ಕೆ ತಾಗುತ್ತಾ?" ಅವರು ಅಂಕಿ ಹೇಳದಿದ್ದರೂ "ತಾಗುತ್ತೆ" ಅಥವಾ "ಇಲ್ಲ" ಅನ್ನಲೇಬೇಕು. ಹೂಂ-ಉಹೂಂ ಪ್ರಶ್ನೆ ಬೇಡ ಅಂದಿದ್ದೆನಲ್ಲ, ಇದೊಂದು ಜಾಗದಲ್ಲಿ ಅದು ಕೆಲಸಕ್ಕೆ ಬರುತ್ತೆ. ಯಾಕೆಂದರೆ ಅಂಕಿಯನ್ನು ನೀವೇ ಒಳಗೆ ಇಟ್ಟಿದ್ದೀರಿ.

## "ಎಲ್ಲ ಇಂಟರ್‌ವ್ಯೂನಲ್ಲಿ ಹೇಳ್ತಾರೆ, ನೀವು ಮೊದಲು ಅಟೆಂಡ್ ಮಾಡಿ" ಅಂದರೆ?

ಇದು ಎಲ್ಲರಿಗೂ ಬರುವ ಉತ್ತರ. ಇಂಥ ಒಂದು ಮಾತುಕತೆ ಹೇಗೆ ಸಾಗುತ್ತೆ ನೋಡಿ. ಕಸ್ಟಮರ್ ಸಪೋರ್ಟ್ ಹುದ್ದೆ, ಮೇಲಿನ ಮೂರು ಪ್ರಶ್ನೆ ಕಳಿಸಿಯಾಗಿದೆ ಅಂತಿಟ್ಟುಕೊಳ್ಳೋಣ.

ರಿಕ್ರೂಟರ್: "ಲೊಕೇಶನ್ ಹೈಬ್ರಿಡ್. ಶಿಫ್ಟ್ ರೊಟೇಷನಲ್. ಸ್ಯಾಲರಿ ವಿಲ್ ನಾಟ್ ಬಿ ಎ ಕನ್ಸರ್ನ್. ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಎಲ್ಲ ಹೇಳ್ತಾರೆ."

ನೀವು: "ಸರಿ. ನನಗೆ ವಾರಕ್ಕೆ ಮೂರು ದಿನದ ತನಕ ಆಫೀಸ್ ಆಗುತ್ತೆ. ರಾತ್ರಿ 11ರೊಳಗೆ ಮುಗಿಯುವ ಶಿಫ್ಟ್ ಆಗುತ್ತೆ, ಅದರಾಚೆ ಆಗಲ್ಲ. ಫಿಕ್ಸೆಡ್ ಕನಿಷ್ಠ 9,00,000 ಬೇಕು. ಈ ಮೂರರಲ್ಲಿ ಯಾವುದಾದರೂ ಹೊಂದುವುದಿಲ್ಲ ಅಂತ ಈಗಲೇ ಗೊತ್ತಿದ್ದರೆ ಹೇಳಿಬಿಡಿ, ಮ್ಯಾನೇಜರ್ ಟೈಮೂ ಉಳಿಯುತ್ತೆ."

ಎರಡನೇ ಮೆಸೇಜ್‌ನಲ್ಲಿ ಪ್ರಶ್ನೆ ಕೇಳುವುದನ್ನು ಬಿಟ್ಟು ನಿಮ್ಮ ಮಿತಿ ಹೇಳಿದ್ದೀರಿ. ಇದು ರಿಕ್ರೂಟರ್‌ಗೂ ಒಳ್ಳೆಯದೇ, ಯಾಕೆಂದರೆ ಮೂರು ರೌಂಡ್ ಆದ ಮೇಲೆ ಕೈಕೊಡುವ ಕ್ಯಾಂಡಿಡೇಟ್ ಅಂದರೆ ಅವರಿಗೂ ತಲೆನೋವು. ಉತ್ತರ ಹೀಗೆ ಬರಬಹುದು: "ಮ್ಯಾನೇಜರ್ ಹತ್ರ ಕೇಳಿದೆ. ಮೂರು ವಾರಕ್ಕೊಮ್ಮೆ ಒಂದು ವಾರ ಬೆಳಗಿನ ಜಾವ 3ರ ತನಕ ಇರುತ್ತೆ, ಮಿಕ್ಕ ಎರಡು ವಾರ 11ಕ್ಕೆ ಮುಗಿಯುತ್ತೆ. ಫಿಕ್ಸೆಡ್ 8.5ರಿಂದ 9.5 ಲಕ್ಷ." ಈಗ ನಿಮ್ಮ ಮುಂದೆ ನಿಜವಾದ ಆಯ್ಕೆ ಇದೆ. ಮೂರು ವಾರದಲ್ಲಿ ಒಂದು ವಾರ ಸಹಿಸಬಹುದಾ ಇಲ್ಲವಾ, ಅದು ನಿಮ್ಮ ಮನೆಯ ವಿಷಯ.

ಎರಡನೇ ಸಲವೂ "ಮೊದಲು ಅಟೆಂಡ್ ಮಾಡಿ" ಅಂತಲೇ ಬಂದರೆ ನನ್ನ ಪ್ರಕಾರ ಬಿಡುವುದೇ ಸರಿ. ಕೆಲಸವೇ ಇಲ್ಲದೆ ಕೂತಿದ್ದೀರಿ, ಅಥವಾ ಇಂಟರ್‌ವ್ಯೂ ಅಭ್ಯಾಸ ಬೇಕಾಗಿದೆ ಅಂದರೆ ಮೊದಲ ರೌಂಡ್ ಒಂದಕ್ಕೆ ಹೋಗಿ, ಅಲ್ಲಿ ಕೊನೆಯ ಐದು ನಿಮಿಷ ಇವೇ ಪ್ರಶ್ನೆ ಕೇಳಿ. ಎರಡನೇ ರೌಂಡ್‌ಗೆ ಮಾತ್ರ ಉತ್ತರವಿಲ್ಲದೆ ಹೋಗಬೇಡಿ.

## ರಿಕ್ರೂಟರ್ ಬೇಕಂತಲೇ ಮುಚ್ಚಿಡ್ತಾರಾ, ಅವರಿಗೇ ಗೊತ್ತಿರಲ್ವಾ?

ಎರಡೂ ಇದೆ. ಕಂಪನಿಯ ಒಳಗಿನ ಎಚ್‌ಆರ್ ಆದರೆ ಮ್ಯಾನೇಜರ್‌ನನ್ನೇ ಕೇಳಬಹುದು, ಬೇಗ ಉತ್ತರ ಬರುತ್ತೆ. ಕನ್ಸಲ್ಟೆನ್ಸಿಯವರಾದರೆ ಕ್ಲೈಂಟ್ ಕಳಿಸಿದ ಒಂದು ಪುಟದ ವಿವರ ಬಿಟ್ಟು ಹೆಚ್ಚೇನೂ ಅವರ ಹತ್ತಿರ ಇಲ್ಲದಿರಬಹುದು. ಅವರಿಗೆ ದುಡ್ಡು ಬರುವುದು ಹೆಚ್ಚಾಗಿ ನೀವು ಸೇರಿದ ಮೇಲೆ, ಅದಕ್ಕೆ ಮೊದಲು ಆದಷ್ಟು ಜನರನ್ನು ಇಂಟರ್‌ವ್ಯೂಗೆ ಕೂರಿಸುವುದು ಅವರ ಗುರಿ. ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಗೊತ್ತಿಲ್ಲದವರು "ಕೇಳಿ ಹೇಳ್ತೀನಿ" ಅಂದು ವಾಪಸ್ ಬರುತ್ತಾರೆ. ಮುಚ್ಚಿಡುವವರು ಮಾತು ತಿರುಗಿಸಿ "ಕಂಪನಿ ತುಂಬ ಚೆನ್ನಾಗಿದೆ, ಗ್ರೋತ್ ಇದೆ" ಅನ್ನುತ್ತಾರೆ.

ಕನ್ಸಲ್ಟೆನ್ಸಿಯಾದರೆ ನಾಲ್ಕನೇ ಪ್ರಶ್ನೆಯೊಂದನ್ನು ಸೇರಿಸಿ: ನಾನು ಯಾರ ಪೇರೋಲ್‌ನಲ್ಲಿ ಇರುತ್ತೇನೆ, ಕ್ಲೈಂಟ್ ಯಾರು? ಸಂಬಳ ಕೊಡುವವರು ಒಬ್ಬರು, ಕೆಲಸ ಮಾಡಿಸುವವರು ಇನ್ನೊಬ್ಬರು ಆದರೆ ರಜೆ, ಇಂಕ್ರಿಮೆಂಟ್, ಕಾಂಟ್ರಾಕ್ಟ್ ಅವಧಿ ಎಲ್ಲ ಬೇರೆ. ಕ್ಲೈಂಟ್ ಹೆಸರು ತಿಳಿಯದೆ ರೆಸ್ಯೂಮೆ ಕಳಿಸಬೇಡಿ. ಅದೇ ಹುದ್ದೆಗೆ ಎರಡು ಕನ್ಸಲ್ಟೆನ್ಸಿಯಿಂದ ನಿಮ್ಮ ಹೆಸರು ಹೋದರೆ ಜಗಳ ಬೇಡ ಅಂತ ಕ್ಲೈಂಟ್ ನಿಮ್ಮನ್ನೇ ಪಕ್ಕಕ್ಕಿಡಬಹುದು.

## ಎಲ್ಲ ಫೋನ್‌ನಲ್ಲೇ ಹೇಳ್ತಾರೆ, ಬರೆದು ಕೊಡಲ್ಲ.

ಅವರು ಬರೆಯದಿದ್ದರೆ ನೀವು ಬರೆಯಿರಿ. ಫೋನ್ ಇಟ್ಟ ಕೂಡಲೇ, ಮರೆಯುವ ಮೊದಲು:

> ಈಗ ಮಾತಾಡಿದ್ದಕ್ಕೆ ಥ್ಯಾಂಕ್ಸ್. ನನಗೆ ಅರ್ಥವಾದದ್ದು ಇಷ್ಟು: ಆಫೀಸ್ ವಾರಕ್ಕೆ ಮೂರು ದಿನ, ಶಿಫ್ಟ್ ಮಧ್ಯಾಹ್ನ 2ರಿಂದ ರಾತ್ರಿ 11, ತಿಂಗಳಿಗೊಮ್ಮೆ ಬದಲಾವಣೆ, ಫಿಕ್ಸೆಡ್ 8.5ರಿಂದ 9.5 ಲಕ್ಷ, ಶಿಫ್ಟ್ ಭತ್ಯೆ ಇದರಲ್ಲಿ ಸೇರಿಲ್ಲ. ತಪ್ಪಿದ್ದರೆ ತಿದ್ದಿ. ಇದರ ಮೇಲೆ ಶುಕ್ರವಾರ 3 ಗಂಟೆಗೆ ಕನ್ಫರ್ಮ್ ಮಾಡುತ್ತಿದ್ದೇನೆ.

"ಓಕೆ" ಅಂತ ಒಂದು ಉತ್ತರ ಬಂದರೂ ಸಾಕು. ಇದು ಒಪ್ಪಂದ ಅಲ್ಲ, ಆಫರ್ ಲೆಟರ್‌ಗಿರುವ ಬಲ ಇದಕ್ಕಿಲ್ಲ. ಆದರೆ ಆಫರ್‌ನಲ್ಲಿ ಬೇರೆ ಬಂದಾಗ "ನಾನು ಹಾಗೆ ಹೇಳೇ ಇಲ್ಲ" ಅನ್ನಲು ಅವರಿಗೆ ಆಗುವುದಿಲ್ಲ. ಮೆಸೇಜ್‌ಗಿಂತ ಇಮೇಲ್ ಒಳ್ಳೆಯದು, ರಿಕ್ರೂಟರ್ ಕೆಲಸ ಬಿಟ್ಟು ಹೋದರೂ ಬೇರೆಯವರಿಗೆ ಅದನ್ನೇ ಫಾರ್ವರ್ಡ್ ಮಾಡಬಹುದು.

## ಉತ್ತರವೇ ಬರಲಿಲ್ಲ. ಎಷ್ಟು ದಿನ ಕಾಯಬೇಕು?

ಎರಡು ಕೆಲಸದ ದಿನ ನೋಡಿ, ಒಂದು ಸಲ ನೆನಪಿಸಿ. ಆಮೇಲೂ ಇಲ್ಲ ಅಂದರೆ ಮುಂದಕ್ಕೆ ಹೋಗಿ. "ಪ್ರಶ್ನೆ ಕೇಳಿದ್ದಕ್ಕೇ ಕೆಲಸ ಹೋಯಿತು" ಅಂತ ಕೊರಗುವವರಿದ್ದಾರೆ. ಹುದ್ದೆ ಬೇರೆಯವರಿಂದ ತುಂಬಿರಬಹುದು, ಕ್ಲೈಂಟ್ ನಿಲ್ಲಿಸಿರಬಹುದು, ಅಥವಾ ಉತ್ತರ ಹೇಳಿದರೆ ನೀವು ಒಪ್ಪುವುದಿಲ್ಲ ಅಂತ ಅವರಿಗೇ ಗೊತ್ತಿರಬಹುದು.

## ಮೊದಲ ಕೆಲಸ ಹುಡುಕ್ತಿದ್ದೀನಿ. ನಾನೂ ಇಷ್ಟೆಲ್ಲ ಕೇಳಬಹುದಾ?

ಜಾಗ ಮತ್ತು ಶಿಫ್ಟ್ ಖಂಡಿತ ಕೇಳಿ. ಸಂಬಳದಲ್ಲಿ ಹೊಸಬರಿಗೆ ಹೆಚ್ಚಾಗಿ ಒಂದೇ ಅಂಕಿ ಇರುತ್ತೆ, ರೇಂಜ್ ಇರುವುದಿಲ್ಲ, ಹಾಗಾಗಿ ಕೇಳಿದರೆ ಬೇಗ ಹೇಳುತ್ತಾರೆ. ನೀವು ಹೆಚ್ಚಾಗಿ ಕೇಳಬೇಕಾದದ್ದು ಎರಡು: ಟ್ರೈನಿಂಗ್ ಸಮಯದಲ್ಲಿ ಪೂರ್ತಿ ಸಂಬಳವಾ, ಸ್ಟೈಪೆಂಡಾ? ಬಾಂಡ್ ಇದೆಯಾ, ಇದ್ದರೆ ಎಷ್ಟು ಅವಧಿ, ಬಿಟ್ಟರೆ ಎಷ್ಟು ಕಟ್ಟಬೇಕು?

ರಿಜಿಸ್ಟ್ರೇಷನ್‌ಗೋ, ಇಂಟರ್‌ವ್ಯೂ ಟೈಮ್ ಕೊಡುವುದಕ್ಕೋ, ಲ್ಯಾಪ್‌ಟಾಪ್ ಡೆಪಾಸಿಟ್‌ಗೋ ದುಡ್ಡು ಕೇಳಿದರೆ ಮಾತು ಅಲ್ಲಿಗೇ ಮುಗಿಸಿ.

## ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಬೇರೆಯೇ ಹೇಳಿದ್ರು. ಈಗೇನು ಮಾಡೋದು?

ಅಲ್ಲೇ ವಾದ ಬೇಡ. "ರಿಕ್ರೂಟರ್ ಹೇಳಿದ್ದು ಮಧ್ಯಾಹ್ನ 2ರಿಂದ 11, ನೀವು ಹೇಳುತ್ತಿರುವುದು ಸಂಜೆ 6ರಿಂದ. ಯಾವುದು ಸರಿ?" ಅಂತ ಕೇಳಿ, ಉತ್ತರ ಬರೆದುಕೊಳ್ಳಿ. ಶಿಫ್ಟ್ ಮತ್ತು ಆಫೀಸ್ ದಿನಗಳ ವಿಷಯದಲ್ಲಿ ಮ್ಯಾನೇಜರ್ ಮಾತನ್ನೇ ನಂಬಿ, ರೋಸ್ಟರ್ ಹಾಕುವುದು ಅವರ ಟೀಮ್. ಸಂಬಳದ ವಿಷಯದಲ್ಲಿ ಎಚ್‌ಆರ್ ಮಾತು ನಂಬಿ, ಮ್ಯಾನೇಜರ್‌ಗೆ ಒಳಗಿನ ವಿಂಗಡಣೆ ಗೊತ್ತಿರುವುದಿಲ್ಲ. ಆಮೇಲೆ ಅದೇ ಹಳೆಯ ಇಮೇಲ್‌ಗೆ ರಿಪ್ಲೈ ಮಾಡಿ, ಬದಲಾದ ಸಾಲನ್ನು ಮಾತ್ರ ಬರೆದು, ಮುಂದಿನ ರೌಂಡ್‌ಗೆ ಟೈಮ್ ಕೊಡುವ ಮೊದಲು ಎರಡರಲ್ಲಿ ಯಾವುದು ಆಫರ್ ಲೆಟರ್‌ನಲ್ಲಿ ಬರುತ್ತೆ ಅಂತ ಕೇಳಿ.